ಉದ್ಯೋಗದ ಅನುಭವವಿಲ್ಲದವರು ರೆಸ್ಯೂಮೆಯಲ್ಲಿ ಏನು ಬರೆಯಬೇಕು?

ಪ್ರಶ್ನೆ: ನಾನು ಕೊನೆಯ ವರ್ಷದ ವಿದ್ಯಾರ್ಥಿನಿ. ಎಲ್ಲಿಯೂ ಕೆಲಸ ಮಾಡಿಲ್ಲ. ನಾಲ್ವರು ಸೇರಿ ಮಾಡಿದ ಒಂದು ಆ್ಯಪ್, ಒಂದು ತಿಂಗಳ ಇಂಟರ್ನ್‌ಶಿಪ್, ವಿಜ್ಞಾನ ಸಂಘದಲ್ಲಿ ಖಜಾಂಚಿ ಸ್ಥಾನ, ವಾರಾಂತ್ಯದಲ್ಲಿ ಮಕ್ಕಳಿಗೆ ಗಣಿತ ಹೇಳಿಕೊಟ್ಟದ್ದು, ಇಷ್ಟೇ ಇರುವುದು. ರೆಸ್ಯೂಮೆಯ ‘ಕೆಲಸದ ಅನುಭವ’ ಎಂಬಲ್ಲಿ ಏನು ಬರೆಯಲಿ?

ಉತ್ತರ: ‘ಕೆಲಸದ ಅನುಭವ’ ಎಂಬ ಶೀರ್ಷಿಕೆಯನ್ನೇ ತೆಗೆದುಹಾಕಿ. ರೆಸ್ಯೂಮೆ ನಿಮ್ಮದು, ಅದರಲ್ಲಿ ಯಾವ ವಿಭಾಗ ಇರಬೇಕೆಂದು ನಿರ್ಧರಿಸುವವರೂ ನೀವೇ. ‘ಶಿಕ್ಷಣ’, ‘ಪ್ರಾಜೆಕ್ಟ್‌ಗಳು’, ‘ಅನುಭವ’ ಎಂದು ಮೂರು ವಿಭಾಗ ಸಾಕು. ಇಂಟರ್ನ್‌ಶಿಪ್, ಖಜಾಂಚಿಯಾಗಿ ಮಾಡಿದ್ದು, ಪಾಠ ಹೇಳಿದ್ದು ಮೂರೂ ‘ಅನುಭವ’ದ ಕೆಳಗೆ ಧಾರಾಳವಾಗಿ ಕೂರುತ್ತವೆ. ಆದರೆ ಕಂಪನಿಯ ಜಾಲತಾಣದಲ್ಲಿ ತುಂಬುವ ಅರ್ಜಿಯ ಸಂಗತಿ ಬೇರೆ. ಅಲ್ಲಿ ಉದ್ಯೋಗದಾತರ ಹೆಸರು, ಹುದ್ದೆ, ಸೇರಿದ ಮತ್ತು ಬಿಟ್ಟ ದಿನಾಂಕ ಎಂದು ಪ್ರತ್ಯೇಕ ಅಂಕಣಗಳಿರುತ್ತವೆ. ಅವುಗಳಲ್ಲಿ ಕಾಲೇಜಿನ ಪ್ರಾಜೆಕ್ಟನ್ನು ಉದ್ಯೋಗವೆಂಬಂತೆ ತುರುಕಬೇಡಿ. ಇಂಟರ್ನ್‌ಶಿಪ್ ಹಾಕುವುದಾದರೆ ಹುದ್ದೆಯ ಹೆಸರೂ ದಿನಾಂಕಗಳೂ ಅವರು ಕೊಟ್ಟ ಪತ್ರದಲ್ಲಿ ಇರುವಂತೆಯೇ ಇರಲಿ. ಆಯ್ಕೆಯಾದ ಮೇಲೆ ಹಿನ್ನೆಲೆ ಪರಿಶೀಲನೆ ಮಾಡುವವರು ಈ ವಿವರಗಳನ್ನೇ ತಾಳೆ ನೋಡುತ್ತಾರೆ. ಹದಿನೈದು ದಿನವನ್ನು ಒಂದು ತಿಂಗಳೆಂದು ಬರೆದದ್ದು ಅಲ್ಲಿ ಸಿಕ್ಕಿಬೀಳುತ್ತದೆ.

ನಾನು ಸಾಫ್ಟ್‌ವೇರ್ ತಂಡವೊಂದಕ್ಕೆ ಹೊಸಬರನ್ನು ಆರಿಸುವವನು. ವಿದ್ಯಾರ್ಥಿಗಳ ರೆಸ್ಯೂಮೆ ಓದುವುದು ನನ್ನ ಕೆಲಸದ ಭಾಗ. ಅವುಗಳಲ್ಲಿ ನನಗೆ ಅತಿ ಹೆಚ್ಚು ಕಾಣುವ ಕೊರತೆ ಒಂದೇ: ಪ್ರಾಜೆಕ್ಟಿನ ವರ್ಣನೆ ಇರುತ್ತದೆ, ಅದನ್ನು ಮಾಡಿದವರ ಸುಳಿವೇ ಇರುವುದಿಲ್ಲ. ನಿಮ್ಮ ಆ್ಯಪ್ ಯಾವುದೆಂದು ನೀವು ಹೇಳಿಲ್ಲ. ಗ್ರಂಥಾಲಯದಲ್ಲಿ ಆಸನ ಕಾಯ್ದಿರಿಸುವ ಆ್ಯಪ್ ಎಂದೇ ಇಟ್ಟುಕೊಳ್ಳೋಣ. ಸಾಮಾನ್ಯವಾಗಿ ನನ್ನ ಮುಂದೆ ಬರುವ ಸಾಲು ಹೀಗಿರುತ್ತದೆ:

“ಗ್ರಂಥಾಲಯ ಆಸನ ಕಾಯ್ದಿರಿಸುವ ಆ್ಯಪ್: ಜಾವಾ ಮತ್ತು ಮೈಎಸ್‌ಕ್ಯೂಎಲ್ ಬಳಸಿ ಅಭಿವೃದ್ಧಿಪಡಿಸಲಾಗಿದೆ. ಬಳಸಲು ಸುಲಭವಾಗಿದ್ದು ಸಮಯ ಉಳಿಸುತ್ತದೆ.”

ಇದೇ ಸಾಲು ನಾಲ್ವರ ರೆಸ್ಯೂಮೆಯಲ್ಲೂ ಅಕ್ಷರ ಬದಲಾಗದೆ ಇರುತ್ತದೆ. ನಾಲ್ವರೂ ಒಂದೇ ಕಂಪನಿಗೆ ಅರ್ಜಿ ಹಾಕಿದಾಗ ಅದು ಹೇಗೆ ಕಾಣುತ್ತದೆಂದು ಹೇಳಬೇಕಾಗಿಲ್ಲ.

ಮೊದಲು ನಿಮ್ಮ ಪಾಲು ಯಾವುದೆಂದು ಹುಡುಕಿ ತೆಗೆಯಿರಿ. ತಿಂಗಳುಗಳು ಕಳೆದಂತೆ ಯಾರು ಏನು ಮಾಡಿದರೆಂಬುದು ನಮ್ಮ ನೆನಪಿನಲ್ಲೇ ಕಲಸಿಹೋಗಿರುತ್ತದೆ. ಕೋಡ್ ಗಿಟ್‌ನಲ್ಲಿದ್ದರೆ ಈ ಎರಡು ಆದೇಶಗಳು ಸಹಾಯಕ್ಕೆ ಬರುತ್ತವೆ:

```
git shortlog -sn HEAD
git log --author="ನಿಮ್ಮ ಹೆಸರು" --oneline
```

ಮೊದಲನೆಯದು ಯಾರ ಹೆಸರಿನಲ್ಲಿ ಎಷ್ಟು ಕಮಿಟ್‌ಗಳಿವೆ ಎಂದು ತೋರಿಸುತ್ತದೆ, ಎರಡನೆಯದು ನಿಮ್ಮ ಕಮಿಟ್‌ಗಳನ್ನು ಪಟ್ಟಿ ಮಾಡುತ್ತದೆ. ಸಂಖ್ಯೆಗೆ ಹೆಚ್ಚು ಬೆಲೆ ಕೊಡಬೇಡಿ. ಎಲ್ಲರೂ ಒಬ್ಬರದೇ ಲ್ಯಾಪ್‌ಟಾಪಿನಿಂದ ಕೋಡ್ ಸೇರಿಸಿದ್ದರೆ ಎಲ್ಲವೂ ಆ ಒಬ್ಬರ ಹೆಸರಿನಲ್ಲೇ ಇರುತ್ತದೆ. ಹಾಗಿದ್ದಲ್ಲಿ ತಂಡದ ಹಳೆಯ ಸಂದೇಶಗಳನ್ನೂ ವರದಿಯ ಕರಡುಗಳನ್ನೂ ತೆರೆದು ನೋಡಿ. ಹುಡುಕಬೇಕಾದದ್ದು ನೀವು ಅತಿ ಹೆಚ್ಚು ಹೊತ್ತು ಗುದ್ದಾಡಿದ ಜಾಗವನ್ನು. ಬರೆಯಲು ಯೋಗ್ಯವಾದ ಸಂಗತಿ ಬಹುಪಾಲು ಅಲ್ಲೇ ಇರುತ್ತದೆ.

ನೀವು ಡೇಟಾಬೇಸ್ ಭಾಗ ನೋಡಿಕೊಂಡಿದ್ದಿರಿ, ಒಮ್ಮೆ ಒಂದೇ ಆಸನ ಇಬ್ಬರಿಗೆ ಸಿಕ್ಕಿತು ಎಂದು ಭಾವಿಸೋಣ. ಕಾರಣ ಇದು: ಆಸನ ಖಾಲಿ ಇದೆಯೇ ಎಂದು ಆ್ಯಪ್ ಮೊದಲು ನೋಡುತ್ತಿತ್ತು, ಆಮೇಲೆ ಬುಕಿಂಗ್ ದಾಖಲಿಸುತ್ತಿತ್ತು. ನೋಡುವುದಕ್ಕೂ ದಾಖಲಿಸುವುದಕ್ಕೂ ನಡುವಿನ ಕ್ಷಣದಲ್ಲಿ ಇನ್ನೊಬ್ಬರ ಕೋರಿಕೆ ನುಸುಳಿದರೆ, ಇಬ್ಬರಿಗೂ ಆಸನ ಖಾಲಿಯಾಗಿಯೇ ಕಂಡಿರುತ್ತದೆ. ನೀವು ಆಸನ, ದಿನ, ಅವಧಿ ಮೂರೂ ಸೇರಿದ ಜೋಡಣೆ ಎರಡನೇ ಸಲ ಬರದಂತೆ ಡೇಟಾಬೇಸಿನಲ್ಲೇ ನಿರ್ಬಂಧ ಹಾಕಿದಿರಿ. ಆಮೇಲೆ ಒಂದೇ ಆಸನಕ್ಕೆ ಒಟ್ಟಿಗೆ 50 ಕೋರಿಕೆ ಕಳುಹಿಸಿ ನೋಡಿದಿರಿ. ಈಗ ಆ ಸಾಲನ್ನು ಹೀಗೆ ಬರೆಯಬಹುದು:

“ಗ್ರಂಥಾಲಯ ಆಸನ ಕಾಯ್ದಿರಿಸುವ ಆ್ಯಪ್. ನಾಲ್ವರ ತಂಡ, ನನ್ನ ಪಾಲು ಡೇಟಾಬೇಸ್ ಮತ್ತು ಬುಕಿಂಗ್ ಭಾಗ. ಒಂದೇ ಆಸನ ಇಬ್ಬರಿಗೆ ಸಿಗುತ್ತಿದ್ದ ದೋಷದ ಕಾರಣ ಪತ್ತೆಹಚ್ಚಿ, ಡೇಟಾಬೇಸ್ ಮಟ್ಟದ ನಿರ್ಬಂಧದಿಂದ ಸರಿಪಡಿಸಿದೆ. ಏಕಕಾಲಕ್ಕೆ 50 ಕೋರಿಕೆ ಕಳುಹಿಸಿದ ಪರೀಕ್ಷೆಯಲ್ಲಿ ಒಂದು ಮಾತ್ರ ಸ್ವೀಕೃತವಾಯಿತು.”

ತಂಡದ ಗಾತ್ರ ಹೇಳಿದ್ದರಿಂದ ನಿಮ್ಮ ಬೆಲೆ ಕಡಿಮೆಯಾಗುವುದಿಲ್ಲ. ಉಳಿದದ್ದನ್ನು ನಂಬಲು ನನಗೆ ಅದು ಆಧಾರವಾಗುತ್ತದೆ. ಇಂಥ ಸಾಲು ಸಂದರ್ಶನದ ಪ್ರಶ್ನೆಯನ್ನೂ ನಿಮಗೆ ಬೇಕಾದ ಕಡೆಗೆ ಎಳೆದು ತರುತ್ತದೆ. ಇದನ್ನು ಓದಿದರೆ ನಾನು ಕೇಳುವ ಮೊದಲ ಪ್ರಶ್ನೆ: “ಬುಕಿಂಗ್ ರದ್ದಾದರೆ ಏನಾಗುತ್ತದೆ?” ರದ್ದಾದ ದಾಖಲೆಯನ್ನು ಅಳಿಸದೆ ‘ರದ್ದು’ ಎಂಬ ಗುರುತಷ್ಟೇ ಹಾಕಿದ್ದರೆ, ನೀವೇ ಹಾಕಿದ ನಿರ್ಬಂಧ ಆ ಆಸನವನ್ನು ಮತ್ತೊಬ್ಬರಿಗೆ ಸಿಗದಂತೆ ತಡೆಯುತ್ತದೆ. ರದ್ದಾದವುಗಳನ್ನು ಬೇರೆ ಕೋಷ್ಟಕಕ್ಕೆ ಸಾಗಿಸಿದೆವು ಎಂದೋ, ಅದನ್ನು ಯೋಚಿಸಿರಲಿಲ್ಲ, ಈಗಾದರೆ ಹೀಗೆ ಮಾಡುತ್ತೇನೆ ಎಂದೋ ಹೇಳುವವರೊಂದಿಗೆ ಮಾತು ಮುಂದುವರಿಯುತ್ತದೆ. ಸಾಲನ್ನು ಯಾರೋ ಬರೆದುಕೊಟ್ಟಿದ್ದರೆ ಮಾತು ಇಲ್ಲೇ ನಿಂತುಬಿಡುತ್ತದೆ. ಆದ್ದರಿಂದ ಪ್ರತಿ ಸಾಲಿನ ಮೇಲೂ ಒಂದರ ಹಿಂದೆ ಒಂದರಂತೆ ಮೂರು ಪ್ರಶ್ನೆ ಕೇಳುವಂತೆ ಗೆಳತಿಗೆ ಹೇಳಿ. ಮೂರನೆಯದಕ್ಕೂ ಉತ್ತರ ಇದ್ದರೆ ಸಾಲು ಉಳಿಯಲಿ.

ಅಂಕಿಗಳ ಬಗ್ಗೆ ಒಂದು ಎಚ್ಚರಿಕೆ. ‘ಸಾಧನೆಗೆ ಅಂಕಿ ಕೊಡಿ’ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ, ಅದನ್ನು ಕೇಳಿ ವಿದ್ಯಾರ್ಥಿಗಳು ಅಂಕಿಗಳನ್ನು ಹುಟ್ಟುಹಾಕುತ್ತಾರೆ. ‘ದಕ್ಷತೆ ಶೇ. 40ರಷ್ಟು ಹೆಚ್ಚಿತು’ ಎಂದರೆ ಮೊದಲು ಎಷ್ಟಿತ್ತು, ಹೇಗೆ ಅಳೆದಿರಿ ಎಂದು ಕೇಳುತ್ತೇವೆ. ಮಷಿನ್ ಲರ್ನಿಂಗ್ ಪ್ರಾಜೆಕ್ಟ್‌ಗಳಲ್ಲಿ ಇದು ಇನ್ನೂ ಬೇಗ ಬಯಲಾಗುತ್ತದೆ. 1000 ವಹಿವಾಟುಗಳಲ್ಲಿ 50 ಮಾತ್ರ ಮೋಸದವು ಎಂದಿಟ್ಟುಕೊಳ್ಳಿ. ಕಣ್ಣು ಮುಚ್ಚಿ ಎಲ್ಲವನ್ನೂ ‘ಸರಿಯಾದದ್ದು’ ಎನ್ನುವ ಪ್ರೋಗ್ರಾಮಿಗೂ ಶೇ. 95 ನಿಖರತೆ ಸಿಗುತ್ತದೆ, ಅದು ಒಂದು ಮೋಸವನ್ನೂ ಹಿಡಿದಿರುವುದಿಲ್ಲ. ಅಲ್ಲಿ ‘ಶೇ. 96 ನಿಖರತೆ’ ಎಂದು ಬರೆಯುವುದಕ್ಕಿಂತ ‘50 ಮೋಸದ ವಹಿವಾಟುಗಳಲ್ಲಿ 31 ಪತ್ತೆಯಾದವು’ ಎಂದು ಬರೆದವರನ್ನು ನಾನು ಮೊದಲು ಕರೆಯುತ್ತೇನೆ. ಅಳೆದದ್ದೇನೂ ಇಲ್ಲದಿದ್ದರೆ ಎಣಿಸಬಹುದಾದದ್ದನ್ನು ಎಣಿಸಿ: ಎಷ್ಟು ದಾಖಲೆ, ಎಷ್ಟು ಪರದೆ, ಎಷ್ಟು ಜನ ಬಳಸಿದರು. ಬಳಸಿದವರು ಹನ್ನೆರಡು ಸಹಪಾಠಿಗಳು ಮಾತ್ರವಾಗಿದ್ದರೆ ಹನ್ನೆರಡು ಎಂದೇ ಬರೆಯಿರಿ.

ಇಂಟರ್ನ್‌ಶಿಪ್ ವಿಷಯಕ್ಕೆ ಬರುತ್ತೇನೆ. ಒಂದು ತಿಂಗಳಲ್ಲಿ ಬಹುಮಟ್ಟಿಗೆ ನೋಡುವುದೇ ಆಗುತ್ತದೆ, ಕೊನೆಯ ವಾರ ಯಾರೋ ಒಂದು ಸಣ್ಣ ಕೆಲಸ ಕೊಡುತ್ತಾರೆ. ಆ ಸಣ್ಣ ಕೆಲಸವನ್ನೇ ಬರೆಯಿರಿ. “ಗ್ರಾಹಕರ 600 ಹಳೆಯ ದೂರುಗಳನ್ನು ಓದಿ ಎಂಟು ವರ್ಗಗಳಾಗಿ ವಿಂಗಡಿಸಿದೆ, ಯಾವ ವರ್ಗಕ್ಕೂ ಸೇರದ ದೂರುಗಳ ಪ್ರತ್ಯೇಕ ಪಟ್ಟಿ ಮಾಡಿ ಮೇಲ್ವಿಚಾರಕರಿಗೆ ಕೊಟ್ಟೆ” ಎನ್ನುವುದು ತಿಂಗಳ ಅವಧಿಗೆ ತಕ್ಕ ಅಳತೆಯ ಮಾತು. ‘ಕಂಪನಿಯ ಗ್ರಾಹಕ ಸೇವೆಯನ್ನು ಸುಧಾರಿಸಿದೆ’ ಎಂದರೆ ಯಾರೂ ನಂಬುವುದಿಲ್ಲ. ಆ ಪಟ್ಟಿಯನ್ನು ಆಮೇಲೆ ಬಳಸಿದರೋ ಇಲ್ಲವೋ ಗೊತ್ತಿಲ್ಲದಿದ್ದರೆ ಅಲ್ಲಿಗೇ ನಿಲ್ಲಿಸಿ. ಗ್ರಾಹಕರ ಹೆಸರು, ಒಳಗಿನ ಲೆಕ್ಕಾಚಾರ ಇವನ್ನು ಬರೆಯುವಂತಿಲ್ಲ. ಗೋಪ್ಯತೆಯ ಪತ್ರಕ್ಕೆ ಸಹಿ ಹಾಕಿರಲಿ ಬಿಡಲಿ, ಹಳೆಯ ಜಾಗದ ಗುಟ್ಟು ಬಿಟ್ಟುಕೊಡುವವರು ನಮ್ಮ ಗುಟ್ಟನ್ನೂ ಬಿಟ್ಟುಕೊಡುತ್ತಾರೆ ಎಂದೇ ಓದುವವರಿಗೆ ಅನ್ನಿಸುತ್ತದೆ. ಇನ್ನೊಂದು ಮಾತು: ಶುಲ್ಕ ಕಟ್ಟಿ, ವಿಡಿಯೊ ನೋಡಿ, ಪ್ರಮಾಣಪತ್ರ ಪಡೆಯುವ ಆನ್‌ಲೈನ್ ‘ಇಂಟರ್ನ್‌ಶಿಪ್’ಗಳಿವೆ. ನಿಮ್ಮದು ಅಂಥದ್ದಾಗಿದ್ದರೆ ‘ತರಬೇತಿ’ ಎಂದು ಕರೆಯಿರಿ. ನಮಗೆ ಆ ಪ್ರಮಾಣಪತ್ರಗಳ ಮುಖಪರಿಚಯ ಚೆನ್ನಾಗಿದೆ.

ಖಜಾಂಚಿ ಕೆಲಸವನ್ನು ನೀವು ಪಟ್ಟಿಯ ಕೊನೆಗೆ ತಳ್ಳಿರಬಹುದು. ನನ್ನ ಕಣ್ಣಿಗೆ ಅದು ಇಂಟರ್ನ್‌ಶಿಪ್‌ಗಿಂತ ಗಟ್ಟಿ, ಏಕೆಂದರೆ ಅಲ್ಲಿ ನಿಮ್ಮ ಕೈಯಲ್ಲಿ ಬೇರೆಯವರ ಹಣವಿತ್ತು. ಆದರೆ ‘ಖಜಾಂಚಿ, ವಿಜ್ಞಾನ ಸಂಘ’ ಎಂದಷ್ಟೇ ಬರೆದರೆ ಅದು ಬರೀ ಬಿರುದು. ವರ್ಷದಲ್ಲಿ ಎಷ್ಟು ಕಾರ್ಯಕ್ರಮಗಳ ಖರ್ಚು ನೋಡಿಕೊಂಡಿರಿ, ಮುಂಗಡ ಪಡೆದವರು ರಸೀದಿ ತಾರದಿದ್ದಾಗ ಏನು ಮಾಡಿದಿರಿ, ಲೆಕ್ಕವನ್ನು ಯಾರಿಗೆ ಒಪ್ಪಿಸಿದಿರಿ ಎಂಬುದರಲ್ಲಿ ವಿಷಯವಿದೆ. “ಮೂರು ಕಾರ್ಯಕ್ರಮಗಳ ಲೆಕ್ಕ ನಿರ್ವಹಿಸಿದೆ, ಹಿಂದಿನ ಮುಂಗಡದ ರಸೀದಿ ಬಾರದೆ ಹೊಸ ಮುಂಗಡ ಕೊಡದ ಪದ್ಧತಿ ತಂದೆ, ವರ್ಷಾಂತ್ಯದ ಲೆಕ್ಕಪತ್ರವನ್ನು ಉಸ್ತುವಾರಿ ಅಧ್ಯಾಪಕರು ಪರಿಶೀಲಿಸಿ ಒಪ್ಪಿದರು” ಎಂದು ಬರೆದರೆ ಕೆಲಸ ಕಾಣುತ್ತದೆ. ಬರೀ ಸದಸ್ಯತ್ವವಿರುವ ಬೇರೆ ಸಂಘಗಳಿದ್ದರೆ ಅವನ್ನು ಬಿಟ್ಟುಬಿಡಿ.

ಗಣಿತ ಪಾಠವನ್ನು ‘ಸಮಾಜಸೇವೆ’ ಎಂಬ ಹಣೆಪಟ್ಟಿಯಡಿ ಒಂದೇ ಪದದಲ್ಲಿ ಮುಗಿಸಬೇಡಿ. ಸ್ವಯಂಸೇವೆಯಲ್ಲಿ ತೂಕ ಬರುವುದು ಕ್ರಮಬದ್ಧತೆಯಿಂದ. ಯಾವ ತಿಂಗಳಿಂದ ಯಾವ ತಿಂಗಳವರೆಗೆ, ವಾರಕ್ಕೆ ಎಷ್ಟು ಗಂಟೆ, ಯಾವ ತರಗತಿಯ ಎಷ್ಟು ಮಕ್ಕಳು ಎಂದು ಬರೆಯಿರಿ. ಭಿನ್ನರಾಶಿಯಲ್ಲಿ ಮಕ್ಕಳು ಎಡವುತ್ತಿದ್ದರೆಂದು ನೀವೇ ಅಭ್ಯಾಸಹಾಳೆ ತಯಾರಿಸಿದ್ದರೆ ಅದನ್ನೂ ಸೇರಿಸಿ. ಒಂದೇ ದಿನದ ಶಿಬಿರಕ್ಕೆ ಹೋಗಿಬಂದದ್ದನ್ನು ಇದರ ಪಕ್ಕದಲ್ಲಿ ಇಟ್ಟರೆ ಇದರ ತೂಕವೂ ಇಳಿಯುತ್ತದೆ.

ಯಾವುದು ಮೇಲೆ, ಯಾವುದು ಕೆಳಗೆ ಎಂಬುದನ್ನು ನೀವು ಕೇಳುವ ಕೆಲಸ ನಿರ್ಧರಿಸಲಿ. ಸಾಫ್ಟ್‌ವೇರ್ ಕೆಲಸಕ್ಕೆ ಪ್ರಾಜೆಕ್ಟ್ ಮೊದಲು. ಲೆಕ್ಕಪತ್ರ ವಿಭಾಗಕ್ಕಾದರೆ ಖಜಾಂಚಿಯ ಸಾಲು ಮೇಲೇರಿ ಆ್ಯಪ್ ಒಂದೇ ಸಾಲಿಗೆ ಇಳಿಯುತ್ತದೆ. ಎಲ್ಲವೂ ಒಂದು ಪುಟದಲ್ಲಿ, ಒಂದೇ ಅಂಕಣದಲ್ಲಿರಲಿ. ಎರಡು ಅಂಕಣದ ಅಲಂಕಾರಿಕ ಮಾದರಿಗಳನ್ನು ಅರ್ಜಿ ಓದುವ ತಂತ್ರಾಂಶಗಳು ಕೆಲವೊಮ್ಮೆ ಅಡ್ಡಾದಿಡ್ಡಿಯಾಗಿ ಓದುತ್ತವೆ. ಪರೀಕ್ಷಿಸುವುದು ಸುಲಭ: ಪಿಡಿಎಫ್‌ನಲ್ಲಿರುವ ಎಲ್ಲ ಬರಹವನ್ನು ನಕಲಿಸಿ ಖಾಲಿ ಪಠ್ಯ ಕಡತಕ್ಕೆ ಅಂಟಿಸಿ, ಸಾಲುಗಳ ಕ್ರಮ ಕಲಸಿಹೋಗಿದೆಯೇ ನೋಡಿ. ಪ್ರಾಜೆಕ್ಟಿನ ಕೊಂಡಿ ಕೊಟ್ಟಿದ್ದರೆ ಅದನ್ನು ನಿಮ್ಮ ಖಾತೆಯಿಂದ ಹೊರಬಂದು ಒಮ್ಮೆ ತೆರೆಯಿರಿ. ಎಷ್ಟೋ ಕೊಂಡಿಗಳು ಬರೆದವರಿಗೆ ಮಾತ್ರ ತೆರೆದುಕೊಳ್ಳುತ್ತವೆ, ನಮಗೆ ಕಾಣುವುದು ‘ಪುಟ ಸಿಗಲಿಲ್ಲ’ ಎಂಬ ಸಂದೇಶ.