ಗ್ರಾಹಕರ ಮಾಹಿತಿ ಸೋರಿದೆ, ಏನೆಂದು ತಿಳಿಸಲಿ?

ಪ್ರಶ್ನೆ: ನಾನು ಚಿಕ್ಕಮಗಳೂರಿನಿಂದ ಆನ್‌ಲೈನ್‌ನಲ್ಲಿ ಕಾಫಿಪುಡಿ ಮಾರುತ್ತೇನೆ. ನಮ್ಮ ವೆಬ್‌ಸೈಟಿನ ಬ್ಯಾಕಪ್ ಫೈಲೊಂದು ಯಾರು ಬೇಕಾದರೂ ಇಳಿಸಿಕೊಳ್ಳುವ ಹಾಗೆ 19 ದಿನ ತೆರೆದೇ ಇತ್ತು. ಸುಮಾರು 4,000 ಗ್ರಾಹಕರ ಹೆಸರು, ವಿಳಾಸ, ಮೊಬೈಲ್ ನಂಬರ್, ಆರ್ಡರ್ ವಿವರ, ಪಾಸ್‌ವರ್ಡ್ ಹ್ಯಾಶ್ ಅದರಲ್ಲಿದ್ದವು. ಕಾರ್ಡ್ ವಿವರ ನಾವು ಇಟ್ಟುಕೊಳ್ಳುವುದಿಲ್ಲ. ‘ದುರ್ಬಳಕೆಯಾದ ಪುರಾವೆ ಇಲ್ಲ’ ಎಂದು ತಿಳಿಸಿದರೆ ಸಾಕೇ ಸರ್?

ಉತ್ತರ: ಸಾಲದು. ಆ ಮಾತು ಬರೆಯುವ ಮುಂಚೆ, ಯಾವ ಫೈಲನ್ನು ಯಾವಾಗ ಕೇಳಲಾಯಿತೆಂದು ದಾಖಲಾಗುವ ಸರ್ವರ್ ಲಾಗ್ ತೆಗೆಸಿ ನೋಡಿ. ಆ ಫೈಲಿನ ಹೆಸರಿರುವ ಸಾಲಿನಲ್ಲಿ 200 ಎಂಬ ಸಂಕೇತವೂ ಫೈಲಿನ ಗಾತ್ರದಷ್ಟೇ ಬೈಟ್‌ಗಳೂ ಕಂಡರೆ, ಯಾರೋ ಅದನ್ನು ಪೂರ್ತಿ ಇಳಿಸಿಕೊಂಡಿದ್ದಾರೆ ಎಂದೇ ತಿಳಿಯಿರಿ. ಲಾಗ್ 7 ದಿನದ್ದು ಮಾತ್ರ ಉಳಿದಿದ್ದರೆ ಉಳಿದ 12 ದಿನ ಏನಾಯಿತೋ ನಿಮಗೆ ಗೊತ್ತಿಲ್ಲ. ಪುರಾವೆ ಇಲ್ಲದಿರುವುದು ಬೇರೆ, ಹುಡುಕಲು ಲಾಗೇ ಇಲ್ಲದಿರುವುದು ಬೇರೆ. ಹಾಗಾಗಿ ಹೀಗೆ ಬರೆಯಿರಿ:

“ನಮ್ಮ ತಪ್ಪಿನಿಂದ ನಿಮ್ಮ ಹೆಸರು, ವಿಳಾಸ, ಮೊಬೈಲ್ ನಂಬರ್, ಆರ್ಡರ್ ವಿವರ ಇದ್ದ ಫೈಲ್ 19 ದಿನ ಹೊರಗಿನವರಿಗೆ ಸಿಗುವಂತಿತ್ತು. ಈಗ ಅದನ್ನು ತೆಗೆದಿದ್ದೇವೆ. ಯಾರಾದರೂ ಇಳಿಸಿಕೊಂಡಿರಬಹುದು ಎಂದೇ ಭಾವಿಸಿ ಎಚ್ಚರವಾಗಿರಿ. ಕಾರ್ಡ್ ವಿವರ ನಮ್ಮಲ್ಲಿ ಇರಲೇ ಇಲ್ಲ.” ತೆರೆದುಕೊಂಡ ಮತ್ತು ಮುಚ್ಚಿದ ತಾರೀಕುಗಳನ್ನೂ ಹಾಕಿ.

ಪಾಸ್‌ವರ್ಡ್ ವಿಷಯದಲ್ಲಿ ‘ಗೂಢಲಿಪಿಯಲ್ಲಿದೆ, ಭಯವಿಲ್ಲ’ ಎನ್ನಬೇಡಿ. ಹ್ಯಾಶ್ ಅಂದರೆ ಬೀಗ ಹಾಕಿದ ಪೆಟ್ಟಿಗೆಯಲ್ಲ, ಪುಡಿ ಮಾಡಿದ ಬೀಜ, ಹಿಂದಕ್ಕೆ ಬೀಜವಾಗದು. ಆದರೆ ಕಳ್ಳ ಲಕ್ಷಾಂತರ ಸಾಮಾನ್ಯ ಪಾಸ್‌ವರ್ಡ್‌ಗಳನ್ನು ತಾನೂ ಪುಡಿ ಮಾಡಿ ಹೋಲಿಸಿ ನೋಡುತ್ತಾನೆ. 2012ರಲ್ಲಿ ಲಿಂಕ್ಡ್‌ಇನ್‌ನಿಂದ ಸೋರಿದ ಹ್ಯಾಶ್‌ಗಳು ಬೇಗ ಒಡೆದದ್ದು ಹೀಗೆ. ನೀವೇ ಎಲ್ಲರ ಪಾಸ್‌ವರ್ಡ್ ರದ್ದುಮಾಡಿ. ಅದೇ ಪಾಸ್‌ವರ್ಡನ್ನು ಇಮೇಲ್‌ಗೂ ಇಟ್ಟಿದ್ದವರು ಮೊದಲು ಇಮೇಲಿನದನ್ನು ಬದಲಿಸಲಿ.

ನಿಮ್ಮ ಗ್ರಾಹಕರಿಗೆ ನಿಜವಾದ ಅಪಾಯ ಆರ್ಡರ್ ವಿವರದಲ್ಲಿದೆ. “ಅಮ್ಮಾ, ಹೋದ ವಾರ ಅರ್ಧ ಕೆಜಿ ಪೀಬೆರಿ ತರಿಸಿದ್ದಿರಲ್ಲ, ದುಡ್ಡು ಹೆಚ್ಚು ಕಟ್ ಆಗಿದೆ, ವಾಪಸ್ ಹಾಕ್ತೀವಿ, ಯುಪಿಐ ಪಿನ್ ಒತ್ತಿ” ಅಂತ ಫೋನ್ ಬಂದರೆ ಯಾರಾದರೂ ನಂಬುತ್ತಾರೆ. ಆ ಮಾತನ್ನು ಹಾಗೆಯೇ ಪತ್ರದಲ್ಲಿ ಹಾಕಿ. ದುಡ್ಡು ಬರುವುದಕ್ಕೆ ಪಿನ್ ಬೇಡ ಎಂದು ಸೇರಿಸಿ. ದುಡ್ಡು ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಲು ಹೇಳಿ.

ಪತ್ರದಲ್ಲಿ ಲಿಂಕ್ ಮಾತ್ರ ಬೇಡ. ನಿಮ್ಮ ಹೆಸರಲ್ಲಿ ನಕಲಿ ಪತ್ರ ಕಳಿಸುವವನ ಆಯುಧವೇ ಅದು.

ಇನ್ನು, ಇಂಥ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ಗೆ ವರದಿ ಮಾಡಬೇಕೆಂದು 2022ರ ನಿರ್ದೇಶನವಿದೆ. ಅವಧಿ ಮೀರಿದ್ದರೂ ಇವತ್ತೇ incident@cert-in.org.in ವಿಳಾಸಕ್ಕೆ ಬರೆಯಿರಿ.