ಮಳಿಗೆಯೋ ರೀಟ್ ಯೂನಿಟ್ಟೋ?

> 40 ಲಕ್ಷ ಇದೆ. ಬೆಂಗಳೂರಿನಲ್ಲಿ ಸಣ್ಣ ಮಳಿಗೆ ಕೊಳ್ಳಲೋ, ರೀಟ್ ಕೊಳ್ಳಲೋ? ತೆರಿಗೆ ಯಾವುದಕ್ಕೆ ಕಡಿಮೆ?

ರೀಟ್ ಎಂದರೆ ಹಲವರ ಹಣ ಸೇರಿಸಿ ಕಚೇರಿ ಕಟ್ಟಡಗಳಂಥ ಆಸ್ತಿ ಹೊಂದಿ, ಅದರ ಆದಾಯ ಹಂಚುವ ಟ್ರಸ್ಟ್; ಯೂನಿಟ್ ಎಂದರೆ ಅದರಲ್ಲಿ ನಿಮ್ಮ ಪಾಲು. ಬಾಡಿಗೆಯ ತೆರಿಗೆಯೊಂದನ್ನೇ ನೋಡಿದರೆ ಮಳಿಗೆಯೇ ಮೇಲು. ತಿಂಗಳಿಗೆ 15,000 ಬಾಡಿಗೆ ಬಂದರೆ ವರ್ಷಕ್ಕೆ 1.8 ಲಕ್ಷ. ನೀವು ಕಟ್ಟಿದ ಆಸ್ತಿ ತೆರಿಗೆ ಕಳೆದು, ಉಳಿದದ್ದರಲ್ಲಿ ಶೇ. 30 ವಿನಾಯಿತಿ ಸಿಗುತ್ತದೆ. ರಿಪೇರಿಗೆ ಬಿಡಿಗಾಸು ಖರ್ಚಾಗದಿದ್ದರೂ ಸರಿ.

ರೀಟ್ ಹಂಚುವ ಹಣಕ್ಕೆ ಆ ವಿನಾಯಿತಿ ಇಲ್ಲ. ಅದರ ವಿತರಣಾ ಪತ್ರವನ್ನು ಬಿಡಿಸಿ ನೋಡಿ: ಬಡ್ಡಿ, ಲಾಭಾಂಶ, ರೀಟ್ ತನ್ನ ಕಂಪನಿಗಳಿಗೆ ಕೊಟ್ಟ ಸಾಲದ ಮರುಪಾವತಿ ಎಂದು ಹಣ ಒಡೆದಿರುತ್ತದೆ. ಬಡ್ಡಿಗೆ ನಿಮ್ಮ ಸ್ಲ್ಯಾಬ್ ದರ. ಲಾಭಾಂಶಕ್ಕೆ ಕೆಲವು ಬಾರಿ ತೆರಿಗೆ ಇಲ್ಲ. ಸಾಲ ಮರುಪಾವತಿಗೆ ಸಾಮಾನ್ಯವಾಗಿ ಈಗ ತೆರಿಗೆ ಇಲ್ಲ, ಆದರೆ ಅಷ್ಟು ಮೊತ್ತ ನಿಮ್ಮ ಖರೀದಿ ಬೆಲೆಯಿಂದ ಕಳೆದುಹೋಗಿ, ಮಾರುವಾಗ ಲಾಭವಾಗಿ ತಲೆ ಎತ್ತುತ್ತದೆ. ಶೇಕಡಾವಾರು ಇಳುವರಿಯನ್ನಷ್ಟೇ ತೋರಿಸುವ ಏಜೆಂಟರು ಇದನ್ನು ಹೇಳುವುದಿಲ್ಲ.

ಮಾರಾಟದಲ್ಲಿ ಲೆಕ್ಕ ತಿರುಗುತ್ತದೆ. ಯೂನಿಟ್‌ನ ಲಾಭ 12 ತಿಂಗಳು ದಾಟಿದರೇ ದೀರ್ಘಾವಧಿ ಲಾಭ, ಮಳಿಗೆಗೆ 24 ಬೇಕು. ಎರಡಕ್ಕೂ ದರ ಶೇ. 12.5, ಯೂನಿಟ್‌ಗೆ ಮಾತ್ರ ವರ್ಷಕ್ಕೆ 1.25 ಲಕ್ಷದವರೆಗಿನ ಲಾಭಕ್ಕೆ ತೆರಿಗೆ ಇಲ್ಲ. ಎಂಬೆಸಿ, ಮೈಂಡ್‌ಸ್ಪೇಸ್‌ನಂಥ ರೀಟ್‌ಗಳ ಯೂನಿಟ್ ಮಾರಿದರೆ ಮುಂದಿನ ವಹಿವಾಟಿನ ದಿನ ಹಣ ಬರುತ್ತದೆ, ಬೇಕಾದಷ್ಟೇ ಮಾರಬಹುದು. ಮಗಳ ಶುಲ್ಕಕ್ಕೆಂದು ಮಳಿಗೆಯ ಒಂದು ಮೂಲೆಯನ್ನು ಮಾರಲಾಗದು.

ಬಾಡಿಗೆದಾರ ಬಿಟ್ಟುಹೋದರೆ ನಾಲ್ಕು ತಿಂಗಳು ಖಾಲಿ ಇಡುವ ತಾಕತ್ತು, ಮಳಿಗೆಯ ಖಾತೆ ಪತ್ರ ಪರಿಶೀಲಿಸುವ ತಾಳ್ಮೆ ಇಲ್ಲದಿದ್ದರೆ ನಾನು ರೀಟ್ ಎನ್ನುತ್ತೇನೆ.