ಕೂಲ್‌ಡ್ರಿಂಕ್ಸ್ ಫ್ರಿಜ್‌: ಬಾಗಿಲಲ್ಲ, ಹಿಂದಿನ ಗಾಳಿಕಿಂಡಿ ನೋಡಿ

ಪ್ರಶ್ನೆ: ನನ್ನದು ಚಿಕ್ಕ ಅಂಗಡಿ, ಒಂದೇ ಗಾಜಿನ ಬಾಗಿಲಿನ ಫ್ರಿಜ್. ಗಿರಾಕಿಗಳು ದಿನವಿಡೀ ಬಾಗಿಲು ತೆಗೆದು ಹಾಕಿ ಮಾಡ್ತಾರೆ, ಬೇಸಿಗೆಯಲ್ಲಿ ಬಿಲ್ ಏರಿದೆ. ಬಾಗಿಲಿಗೆ ಬೀಗ ಹಾಕಿ ನಾನೇ ತೆಗೆದುಕೊಡಲಾ? ರಾತ್ರಿ ಆಫ್ ಮಾಡಿದರೆ ಉಳಿಯುತ್ತಾ?

ಬೀಗ ಬೇಡ. ಫ್ರಿಜ್ ರಿಪೇರಿಯೇ ನನ್ನ ಕೆಲಸ. ಇದೇ ದೂರಿನ ಮೇಲೆ ಹೋದ ಅಂಗಡಿಗಳಲ್ಲಿ ಕಳ್ಳ ಸಾಮಾನ್ಯವಾಗಿ ಬಾಗಿಲಲ್ಲ, ಒಳಗೆ ತುರುಕಿದ ಬಾಟಲಿ.

ಮೊದಲು ಬಾಗಿಲಿನ ಲೆಕ್ಕ. ಮುನ್ನೂರು ಲೀಟರಿನ ಫ್ರಿಜ್‌ನಲ್ಲಿ ಬಾಟಲಿಗಳ ನಡುವೆ ಉಳಿಯುವ ಗಾಳಿ ಹೆಚ್ಚೆಂದರೆ ಇನ್ನೂರು ಲೀಟರ್, ಅಂದರೆ ಕಾಲು ಕೆಜಿ ತೂಕವೂ ಇಲ್ಲ. ಬಾಗಿಲು ತೆಗೆದಾಗ ಅಷ್ಟೂ ಹೊರಗೆ ಸುರಿದು, ಬಿಸಿಗಾಳಿ ಒಳಗೆ ಬಂತು ಅಂತಲೇ ಇಟ್ಟುಕೊಳ್ಳಿ. ಗಾಳಿಯ ತೇವ ಹಿಂಗಿಸುವ ಕೆಲಸವನ್ನೂ ಸೇರಿಸಿದರೆ, ದಿನಕ್ಕೆ ಇನ್ನೂರು ಸಲ ತೆಗೆದರೂ ಅರ್ಧ ಯೂನಿಟ್ ಒಳಗೇ ಮುಗಿಯುತ್ತದೆ. ಯೂನಿಟ್‌ಗೆ 8 ರೂಪಾಯಿ ಹಿಡಿದರೆ ತಿಂಗಳಿಗೆ 120 ರೂಪಾಯಿ. ಕರಾವಳಿಯ ಸೆಕೆಗೆ ಸ್ವಲ್ಪ ಜಾಸ್ತಿ. ಇದು ತೆಗೆದು, ಎತ್ತಿಕೊಂಡು, ಮುಚ್ಚುವವರ ಲೆಕ್ಕ. ಬಾಗಿಲು ಹಿಡಿದುಕೊಂಡೇ ಯಾವುದು ಕುಡಿಯೋಣ ಅಂತ ಯೋಚಿಸುವವರದು ಬೇರೆ. ಗಾಜಿನಲ್ಲೇ ಕಾಣುವಂತೆ ಲೇಬಲ್ ಮುಂದಕ್ಕೆ ತಿರುಗಿಸಿಟ್ಟರೆ ಅವರೂ ಕಡಿಮೆಯಾಗುತ್ತಾರೆ.

ಈಗ ಶೆಲ್ಫಿಗೆ ಬನ್ನಿ. ಈ ಫ್ರಿಜ್‌ಗಳಲ್ಲಿ ಒಂದು ಫ್ಯಾನು ತಣ್ಣನೆ ಗಾಳಿಯನ್ನು ಹಿಂಬದಿ ಕಿಂಡಿಗಳಿಂದ ಅಥವಾ ಮೇಲಿನಿಂದ ಬಿಡುತ್ತದೆ. ಅದು ಶೆಲ್ಫುಗಳ ಜಾಲರಿಯಲ್ಲಿ ನುಸುಳಿ, ಬಾಟಲಿಗಳ ನಡುವೆ ಓಡಾಡಿ, ಮತ್ತೆ ಗಾಳಿ ತಣ್ಣಗೆ ಮಾಡುವ ಕಾಯಿಲ್‌ಗೆ ವಾಪಸ್ ಹೋಗಬೇಕು. ಬೇಸಿಗೆಯಲ್ಲಿ ಆಗುವುದೇನು? ಬಾಟಲಿಯನ್ನು ಹಿಂದಿನ ತಗಡಿಗೆ ಒತ್ತಿ ಜೋಡಿಸುತ್ತಾರೆ. ಪೌಚ್‌ಗಳು ಬೀಳಬಾರದೆಂದು ಜಾಲರಿ ಮೇಲೆ ರಟ್ಟು ಹಾಸುತ್ತಾರೆ. ಗಾಳಿ ಅಲ್ಲಿಗೇ ನಿಂತು, ಮೇಲಿನ ಶೆಲ್ಫು ಕೊರೆಯುತ್ತದೆ, ಕೆಳಗಿನದು ಉಗುರುಬೆಚ್ಚಗೆ ಇರುತ್ತದೆ.

ಇಲ್ಲಿಂದ ಮುಂದಿನದೇ ದುಬಾರಿ ತಪ್ಪು. ದಾವಣಗೆರೆಯ ಒಂದು ಅಂಗಡಿಯಲ್ಲಿ ಕೆಳಗಿನ ಬಾಟಲಿ ತಣ್ಣಗಾಗುತ್ತಿಲ್ಲ ಅಂತ ಥರ್ಮೋಸ್ಟಾಟ್ ಗುಂಡಿಯನ್ನು ಪೂರ್ತಿ ತಿರುಗಿಸಿಟ್ಟಿದ್ದರು. ಗುಂಡಿ ತಿರುಗಿಸಿದರೆ ತಂಪು ಜೋರಾಗಿ ಬರುವುದಿಲ್ಲ. ಕಂಪ್ರೆಸರ್ ತಡವಾಗಿ ನಿಲ್ಲುತ್ತದೆ, ಅಷ್ಟೇ. ಗಾಳಿ ಓಡದ ಕಡೆ ಸೆನ್ಸರಿಗೆ ತಂಪು ಮುಟ್ಟದು, ಹಾಗಾಗಿ ಅದು ನಿಲ್ಲುವುದೇ ಇಲ್ಲ. ನಿಲ್ಲದಿದ್ದರೆ ಕಾಯಿಲ್ ಮೇಲಿನ ಮಂಜು ಕರಗಲು ಬಿಡುವೇ ಸಿಗದೆ ಗಟ್ಟಿ ಹಿಮವಾಗುತ್ತದೆ. ಹಿಮ ಕಾಯಿಲ್‌ಗೆ ಕಂಬಳಿ ಹೊದಿಸಿದ ಹಾಗೆ: ಗಾಳಿ ಇನ್ನಷ್ಟು ಕಟ್ಟುತ್ತದೆ, ಬಾಟಲಿ ಇನ್ನಷ್ಟು ಬೆಚ್ಚಗಾಗುತ್ತದೆ. ಗುಂಡಿ ಆಗಲೇ ಕೊನೆಗೆ ಹೋಗಿದೆ, ತಿರುಗಿಸಲು ಇನ್ನೇನೂ ಉಳಿದಿಲ್ಲ.

ಅದರ ಬೆಲೆ ಇಷ್ಟು: ಓಡುವಾಗ 250 ವ್ಯಾಟ್ ಎಳೆಯುವ ಫ್ರಿಜ್ ಗಂಟೆಗೆ 35 ನಿಮಿಷ ಓಡಿದರೆ ದಿನಕ್ಕೆ ಮೂರೂವರೆ ಯೂನಿಟ್. ನಿಲ್ಲದೆ ಓಡಿದರೆ ಆರು. ವ್ಯತ್ಯಾಸ ತಿಂಗಳಿಗೆ 75 ಯೂನಿಟ್, 600 ರೂಪಾಯಿ. ನೀವು ಬೈಯುತ್ತಿರುವ ಗಿರಾಕಿಗಳ ಐದು ಪಟ್ಟು.

ನಿಮ್ಮದೂ ಇದೇನಾ ಅಂತ ತಿಳಿಯಲು ಬೆಳಿಗ್ಗೆ ಅಂಗಡಿ ತೆಗೆದ ಕೂಡಲೇ, ಯಾರೂ ಬಾಗಿಲು ಮುಟ್ಟುವ ಮುಂಚೆ ಕಿವಿಗೊಡಿ. ರಾತ್ರಿಯಿಡೀ ಮುಚ್ಚಿದ್ದ ಫ್ರಿಜ್‌ನ ಕಂಪ್ರೆಸರ್ ಅರ್ಧ ಗಂಟೆ ಕಾದರೂ ಒಮ್ಮೆಯೂ ನಿಲ್ಲದಿದ್ದರೆ ತೊಂದರೆ ಇದೆ. ಫ್ಯಾನ್ ಸದ್ದಿದ್ದು ಕಿಂಡಿಯಲ್ಲಿ ಕೈಗೆ ಗಾಳಿ ತಾಗದಿದ್ದರೆ ಹಿಮ ಕಟ್ಟಿದೆ. ಸರಕೆಲ್ಲ ತೆಗೆದು, ಪ್ಲಗ್ ಕಿತ್ತು, ಬಾಗಿಲು ತೆರೆದಿಟ್ಟು ಒಂದು ರಾತ್ರಿ ಬಿಡಿ. ಚಾಕುವಿನಿಂದ ಹಿಮ ಕೆರೆಯಬೇಡಿ, ಪೈಪು ತೂತಾದರೆ ಗ್ಯಾಸ್ ಹೋಗಿ ವರ್ಷದ ಉಳಿತಾಯ ಒಂದೇ ಬಿಲ್‌ಗೆ ಹೋಗುತ್ತದೆ. ಆಮೇಲೆ ರಟ್ಟು ಬಿಸಾಕಿ, ಹಿಂದೆ ಎರಡು ಬೆರಳು ಜಾಗ ಬಿಟ್ಟು ಜೋಡಿಸಿ, ಗುಂಡಿ ಮಧ್ಯಕ್ಕೆ ತನ್ನಿ. ಮುಂದಿನ ಸಾಲು ಶೆಲ್ಫಿನಂಚು ದಾಟಬಾರದು. ದಾಟಿದರೆ ಬಾಗಿಲು ಕೂದಲೆಳೆಯಷ್ಟು ತೆರೆದೇ ಇರುತ್ತದೆ, ಅದು ಇನ್ನೂರು ಸಲ ತೆಗೆಯುವುದಕ್ಕಿಂತ ಕೆಟ್ಟದ್ದು. ಒಂದು ನೋಟನ್ನು ಬಾಗಿಲಲ್ಲಿ ಸಿಕ್ಕಿಸಿ ಎಳೆದು ನೋಡಿ. ಸಲೀಸಾಗಿ ಬಂದರೆ ಅಲ್ಲಿ ರಬ್ಬರು ಹಿಡಿಯುತ್ತಿಲ್ಲ. ಕೆಳಗಿನ ಕಂಡೆನ್ಸರ್ ಜಾಲಿಯ ಧೂಳನ್ನೂ ತಿಂಗಳಿಗೊಮ್ಮೆ ಬ್ರಷ್‌ನಿಂದ ತೆಗೆಯಿರಿ.

ಹೊಸ ಸರಕನ್ನು ಮಧ್ಯಾಹ್ನ ಸುರಿಯದೆ ರಾತ್ರಿ ಅಂಗಡಿ ಮುಚ್ಚುವಾಗ ತುಂಬಿ. ಬಿಸಿ ಬಾಟಲಿ ತಣ್ಣಗಾಗಲು ಬೇಕಾದ ಕರೆಂಟು ಬೇಕೇ ಬೇಕು, ಆದರೆ ರಾತ್ರಿ ಬಾಗಿಲೂ ತೆರೆಯುವುದಿಲ್ಲ, ಹೊರಗಿನ ಸೆಕೆಯೂ ಕಡಿಮೆ.

ಹೀಗೆ ತುಂಬುವವರು ರಾತ್ರಿ ಆಫ್ ಮಾಡುವ ಮಾತೇ ಇಲ್ಲ. ತುಂಬದವರಿಗೂ ಉಳಿಯುವುದು ಸ್ವಲ್ಪವೇ, ಬೆಳಿಗ್ಗೆ ಅಷ್ಟೂ ಬಾಟಲಿಯನ್ನು ಮತ್ತೆ ತಣ್ಣಗೆ ಮಾಡಬೇಕಲ್ಲ. ಒಳಗಿನ ಲೈಟು ಆರಿಸಿ, ಸಾಕು. ಹಾಲು, ಮೊಸರಿನ ಪ್ಯಾಕೆಟ್ ಇಟ್ಟಿದ್ದರಂತೂ ಸ್ವಿಚ್ ಮುಟ್ಟಲೇಬೇಡಿ.